ಹೊಸ ಕ್ಯಾಂಪಸ್ ನಕ್ಷೆ: ನಡಿಗೆ, ನೆರಳು, ಸೈಕಲ್ ದಾರಿ

ಚಿಕ್ಕಮಗಳೂರಿನ ನಮ್ಮ ಹೊಸ ಕ್ಯಾಂಪಸ್‌ನಲ್ಲಿ ಕಾರು, ಬೈಕು ಎಲ್ಲ ಗೇಟಿನ ಪಕ್ಕದ ಪಾರ್ಕಿಂಗ್‌ನಲ್ಲೇ ನಿಲ್ಲುತ್ತವೆ. ಪ್ರಿನ್ಸಿಪಾಲರ ಕಾರೂ ಅಲ್ಲೇ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ, ಕ್ಯಾಂಟೀನಿನ ಸಾಮಾನಿನ ಗಾಡಿಗೆ ಮಾತ್ರ ಒಳಗೆ ಬಿಡುತ್ತೇವೆ.

ಸಾಮಾನ್ಯ ನಡಿಗೆಗೆ ನಿಮಿಷಕ್ಕೆ 80 ಮೀಟರ್ ಅಂತ ಹಿಡಿದಿದ್ದೇವೆ. ಗೇಟಿನಿಂದ ಲೈಬ್ರರಿಗೆ 320 ಮೀಟರ್, ಅಂದರೆ ನಾಲ್ಕು ನಿಮಿಷ. ಹಾಸ್ಟೆಲಿನಿಂದ ಕೆಮಿಸ್ಟ್ರಿ ಲ್ಯಾಬಿಗೆ 560 ಮೀಟರ್, ಏಳು ನಿಮಿಷ. ಇದಕ್ಕಿಂತ ದೂರ ಯಾವುದೂ ಇಲ್ಲ. ಹತ್ತು ನಿಮಿಷದ ಬಿಡುವಿನಲ್ಲಿ ಆರಾಮಾಗಿ ತಲುಪಬಹುದು.

ಇಲ್ಲಿ ಬಿಸಿಲಿಗಿಂತ ಮಳೆಯದೇ ಚಿಂತೆ ಜಾಸ್ತಿ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಮಡಚುವ ಹಾಗೇ ಇಲ್ಲ. ಅದಕ್ಕೆ ಲೈಬ್ರರಿ, ತರಗತಿ, ಕ್ಯಾಂಟೀನ್ ಮೂರನ್ನೂ ಮಾಡು ಹಾಕಿದ ದಾರಿಯಿಂದ ಜೋಡಿಸಿದ್ದೇವೆ. ನುಣುಪು ಟೈಲ್ಸ್ ಬೇಡವೇ ಬೇಡ. ಪಾಚಿ ಕಟ್ಟಿದರೆ ಕಾಲು ಜಾರುವುದು ಗ್ಯಾರಂಟಿ. ಒರಟು ಹಾಸುಗಲ್ಲು ಹಾಸಿ, ಎರಡೂ ಬದಿ ಚರಂಡಿ ಬಿಟ್ಟಿದ್ದೇವೆ. ಮೆಟ್ಟಿಲಿರುವ ಕಡೆಯಲ್ಲೆಲ್ಲ ಪಕ್ಕದಲ್ಲೇ 1:12 ಇಳಿಜಾರಿನ ರ‍್ಯಾಂಪ್ ಇರುತ್ತದೆ. ಬಯಲು ದಾರಿಗಳ ಪಕ್ಕ ಹೊಂಗೆ, ನೇರಳೆ. ನೇರಳೆ ಮಾತ್ರ ದಾರಿಯಿಂದ ಸ್ವಲ್ಪ ಹಿಂದೆ; ಹಣ್ಣು ಬಿದ್ದರೆ ಬಟ್ಟೆ ಕಲೆಯಾಗುತ್ತದೆ.

ಸೈಕಲ್ ದಾರಿ 2.5 ಮೀಟರ್ ಅಗಲ. ಗೇಟಿನಿಂದ ಹೊರಸುತ್ತಿನಲ್ಲೇ ಹಾಸ್ಟೆಲಿಗೆ ಹೋಗುತ್ತದೆ. ಕಾಲುದಾರಿಯನ್ನು ಒಂದೇ ಕಡೆ ದಾಟುತ್ತದೆ, ಅಲ್ಲಿ ಹಂಪ್ ಇದೆ.

ನಡುವಿನ ಹಸಿರು ಬಯಲು 90 × 60 ಮೀಟರ್. ಅಲ್ಲಿರುವ ಹಳೇ ಹಲಸಿನ ಮರ ಕಡಿಯುವುದಿಲ್ಲ, ಸುತ್ತ ಕಟ್ಟೆ ಕಟ್ಟುತ್ತೇವೆ. ಹುಡುಗರು ಹೇಗೂ ಅಡ್ಡದಾರಿ ಹಿಡಿಯುತ್ತಾರೆ. ಸುಮ್ನೆ ಬೇಲಿ ಹಾಕುವ ಬದಲು ಮೊದಲ ವರ್ಷ ಕಾದು, ಹುಲ್ಲು ಸವೆದ ಜಾಗದಲ್ಲೇ ಕಲ್ಲು ಹಾಸುತ್ತೇವೆ.