ಭಾನುವಾರ ನಿಮ್ಮ ಕ್ಲಿನಿಕ್ ತೆರೆದಿರುತ್ತದೆ ಅಂತ ಗೂಗಲ್ ಹೇಳುತ್ತಿದೆ (ಜೊತೆಗೆ, ಒಂದು ವಾರ ಉಚಿತವಾಗಿ ಕೆಲಸ ಮಾಡಿಕೊಡುವ ಮಾತು)

ನಮಸ್ಕಾರ ಡಾಕ್ಟರ್ ಮೇಡಂ,

ನಾನು ಶ್ವೇತಾ. ನಿಮಗೆ ನನ್ನ ಪರಿಚಯ ಇಲ್ಲ. ಸಣ್ಣ ಅಂಗಡಿ, ಕ್ಲಿನಿಕ್‌ಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೇಜ್, ಗೂಗಲ್ ಲಿಸ್ಟಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಕಂಪನಿಯೂ ಇಲ್ಲ, ನಾನೊಬ್ಬಳೇ.

ಹೋದ ಭಾನುವಾರ ಬೆಳಿಗ್ಗೆ ಮಗಳಿಗೆ ಕಿವಿನೋವು ಅಂತ ನಿಮ್ಮಲ್ಲಿಗೆ ಬಂದಿದ್ದೆ. ಬರುವ ಮೊದಲು ಗೂಗಲ್ ನೋಡಿದ್ದೆ, ಹತ್ತರಿಂದ ಒಂದರವರೆಗೆ ಅಂತಿತ್ತು. ಬಂದರೆ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಇನ್ನೊಬ್ಬರು ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು, ಒಮ್ಮೆ ಫೋನ್ ನೋಡಿ, ಒಮ್ಮೆ ಬಾಗಿಲು ನೋಡಿ, ಮತ್ತೆ ಫೋನ್ ನೋಡುತ್ತಿದ್ದರು. ನಿಮ್ಮ ಬೋರ್ಡ್‌ನಲ್ಲಿ 'ಭಾನುವಾರ ರಜೆ' ಅಂತ ದಪ್ಪಕ್ಷರದಲ್ಲೇ ಇದೆ, ಆದರೆ ಬೋರ್ಡ್ ಓದಬೇಕಾದರೆ ಅಲ್ಲಿವರೆಗೆ ಬರಲೇಬೇಕಲ್ಲ! (ಮಗಳು ಈಗ ಆರಾಮಾಗಿದ್ದಾಳೆ. ಇದು ದೂರು ಅಲ್ಲ.)

ಆ ಸಮಯವನ್ನು ನೀವೇ ಹಾಕಿರಬೇಕು ಅಂತೇನೂ ಇಲ್ಲ. ಗೂಗಲ್‌ನಲ್ಲಿ ಯಾರು ಬೇಕಾದರೂ ಬದಲಾವಣೆ ಸೂಚಿಸಬಹುದು, ಕ್ಲಿನಿಕ್‌ನವರು ಗಮನಿಸದಿದ್ದರೆ ತಪ್ಪೇ ಹಾಗೆ ಕೂತುಬಿಡುತ್ತದೆ. ಮನೆಗೆ ಹೋಗಿ ಸುಮ್ನೆ ನಿಮ್ಮ ಫೇಸ್‌ಬುಕ್ ಪೇಜನ್ನೂ ನೋಡಿದೆ. ಕೊನೆಯ ಪೋಸ್ಟ್ ಎಂಟು ತಿಂಗಳ ಹಿಂದಿನ ಹಬ್ಬದ ಶುಭಾಶಯ. ಅದರ ಕೆಳಗೆ ಒಬ್ಬ ತಾಯಿ 'ಲಸಿಕೆ ಯಾವ ದಿನ ಹಾಕುತ್ತೀರಿ?' ಅಂತ ಕೇಳಿದ್ದಾರೆ. ಯಾರೂ ಉತ್ತರ ಕೊಟ್ಟಿಲ್ಲ.

ಬೆಳಗಿನಿಂದ ರಾತ್ರಿವರೆಗೆ ಮಕ್ಕಳನ್ನು ನೋಡುವವರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಒಂದು ವಾರ, ಸೋಮವಾರದಿಂದ ಶನಿವಾರದವರೆಗೆ, ಈ ಕೆಲಸವನ್ನು ನಾನು ಉಚಿತವಾಗಿ ಮಾಡಿಕೊಡುತ್ತೇನೆ. ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ.

ಮೊದಲ ದಿನ ಗೂಗಲ್ ಲಿಸ್ಟಿಂಗ್ ಸರಿ ಮಾಡುತ್ತೇನೆ: ಸಮಯ, ರಜೆ ದಿನ, ಫೋನ್ ನಂಬರ್, ಬಾಗಿಲಿನ ಫೋಟೋ. ಇದಕ್ಕೆ ಪಾಸ್‌ವರ್ಡ್ ಬೇಡ. ಕೊಡಲೂಬೇಡಿ, ನನಗಲ್ಲ, ಯಾರಿಗೂ. ಲಿಸ್ಟಿಂಗ್‌ನಲ್ಲಿ ನನ್ನನ್ನು ಮ್ಯಾನೇಜರ್ ಅಂತ ಸೇರಿಸಿದರೆ ಸಾಕು, ಶನಿವಾರ ಸಂಜೆ ನೀವೇ ತೆಗೆದುಹಾಕಬಹುದು. ಫೇಸ್‌ಬುಕ್ ಪೇಜ್‌ಗೂ ಹೀಗೆಯೇ.

ಆಮೇಲೆ ವಾರದಲ್ಲಿ ಮೂರು ಪೋಸ್ಟ್. ದಿನಕ್ಕೊಂದು ಬೇಡ, ಜಾಸ್ತಿ ಹಾಕಿದರೆ ಯಾರೂ ಓದುವುದಿಲ್ಲ ಅನ್ನುವುದು ನನ್ನ ಅನುಭವ. ವಿಷಯವನ್ನು ನಾನು ತಲೆಯಿಂದ ಹುಟ್ಟಿಸುವುದಿಲ್ಲ, ನಿಮ್ಮ ರಿಸೆಪ್ಶನ್‌ನಲ್ಲಿ ಕೂರುವವರ ಹತ್ತಿರ ಹತ್ತು ನಿಮಿಷ ಮಾತಾಡಿ, ಫೋನ್‌ನಲ್ಲಿ ದಿನಾ ಯಾವ ಪ್ರಶ್ನೆ ಬರುತ್ತದೆ ಅಂತ ಕೇಳಿ ಅದನ್ನೇ ಬರೆಯುತ್ತೇನೆ. ಮಾದರಿಗೆ ಒಂದು ಇಲ್ಲಿದೆ:

'ಮೂರು ತಿಂಗಳು ತುಂಬದ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಔಷಧ ಕೊಟ್ಟು ನೋಡೋಣ ಅಂತಲೂ ಬೇಡ. ತಕ್ಷಣ ವೈದ್ಯರಿಗೆ ತೋರಿಸಿ. ಕ್ಲಿನಿಕ್ ಮುಚ್ಚಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.'

ಇಷ್ಟೇ. ನಗುವ ಮಗುವಿನ ಫೋಟೋ ಇಲ್ಲ, 'ನಿಮ್ಮ ಮಗುವಿನ ಆರೋಗ್ಯವೇ ನಮ್ಮ ಧ್ಯೇಯ' ಇಲ್ಲ. ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ ಹಿಡಿದು ಕೂತವರಿಗೆ ಓದಿದ ಕೂಡಲೇ ಏನು ಮಾಡಬೇಕು ಅಂತ ಗೊತ್ತಾಗಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಉದ್ದ ಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಿ ತೆರೆಯಬೇಕು, ಹಾಗಾಗಿ ಮುಖ್ಯ ಮಾತು ಮೊದಲ ಸಾಲಿನಲ್ಲೇ ಬರಬೇಕು.

ನಾನು ಡಾಕ್ಟರ್ ಅಲ್ಲ. ಮೇಲಿನದ್ದನ್ನೂ ಸೇರಿಸಿ ಒಂದು ಸಾಲೂ ನೀವು ಓದಿ ಸರಿ ಅನ್ನದೆ ಹೊರಗೆ ಹೋಗುವುದಿಲ್ಲ. ಮೂರೂ ಪೋಸ್ಟ್ ಭಾನುವಾರ ರಾತ್ರಿಯೇ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ನೀವು ಕೆಂಪು ಗೆರೆ ಎಳೆದು ಕಳಿಸಿದರೂ ಬೇಜಾರಿಲ್ಲ. ಡಾಕ್ಟರ್‌ಗಳು ಜಾಹೀರಾತು ಮಾಡಿಕೊಳ್ಳುವುದಕ್ಕೆ ಕಟ್ಟುಪಾಡು ಇದೆ ಅಂತಲೂ ಗೊತ್ತು. 'ನಂಬರ್ ಒನ್', 'ಗ್ಯಾರಂಟಿ', ಗುಣವಾದ ಮಗುವಿನ ಮೊದಲು-ಆಮೇಲೆ ಫೋಟೋ, ಇವು ಯಾವುದೂ ಇರುವುದಿಲ್ಲ. ಮಕ್ಕಳ ಮುಖವಂತೂ ಬೇಡವೇ ಬೇಡ, ತಂದೆತಾಯಿ ಪರವಾಗಿಲ್ಲ ಅಂದರೂ.

ಇನ್ನು ಗೂಗಲ್ ರಿವ್ಯೂ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲು ಒಂದು ಹಲ್ಲಿನ ಕ್ಲಿನಿಕ್‌ಗೆ ಕೆಲಸ ಮಾಡುವಾಗ, ಒಬ್ಬರು ಐದು ಸ್ಟಾರ್ ಕೊಟ್ಟು 'ಒಳ್ಳೆ ಡಾಕ್ಟರ್' ಅಂತ ಬರೆದಿದ್ದರು, ನಾನು ಖುಷಿಯಲ್ಲಿ 'ನಿಮ್ಮ ರೂಟ್ ಕೆನಾಲ್ ಚೆನ್ನಾಗಿ ಆಯಿತಲ್ಲ, ಧನ್ಯವಾದ' ಅಂತ ಉತ್ತರ ಹಾಕಿಬಿಟ್ಟೆ. ಅವರು ಯಾವ ಚಿಕಿತ್ಸೆ ಅಂತ ಎಲ್ಲೂ ಹೇಳಿರಲಿಲ್ಲ. ಊರಿಗೆಲ್ಲ ಹೇಳಿದ್ದು ನಾನು! ಅರ್ಧ ಗಂಟೆಯಲ್ಲಿ ಡಾಕ್ಟರ್ ಫೋನ್ ಮಾಡಿದರು, ಅಳಿಸಿದೆ. ಅವತ್ತಿನಿಂದ ಬರೆದವರು ಪೇಷಂಟ್ ಹೌದೋ ಅಲ್ಲವೋ ಅನ್ನುವುದನ್ನೂ ಉತ್ತರದಲ್ಲಿ ಬಿಟ್ಟುಕೊಡುವುದಿಲ್ಲ.

ನಿಮಗೆ ಎರಡು ಸ್ಟಾರ್ ಕೊಟ್ಟು 'ಒಂದೂವರೆ ಗಂಟೆ ಕಾಯಿಸಿದರು' ಅಂತ ಬರೆದವರಿಗೆ ನಾನಾದರೆ ಹೀಗೆ ಬರೆಯುತ್ತೇನೆ: 'ಕಾಯುವುದು ಕಷ್ಟ, ಅದರಲ್ಲೂ ಮಕ್ಕಳ ಜೊತೆ. ಇಂಥ ವಿಷಯ ನೇರವಾಗಿ ನಮ್ಮ ಗಮನಕ್ಕೆ ತಂದರೆ ಸರಿಪಡಿಸಲು ಅನುಕೂಲ, ದಯವಿಟ್ಟು ಕ್ಲಿನಿಕ್ ನಂಬರ್‌ಗೆ ಫೋನ್ ಮಾಡಿ.' ವಾದ ಇಲ್ಲ, 'ಅವತ್ತು ಎಮರ್ಜೆನ್ಸಿ ಇತ್ತು' ಅನ್ನುವ ಸಮಜಾಯಿಷಿಯೂ ಇಲ್ಲ. ಆ ಉತ್ತರವನ್ನು ದೂರು ಕೊಟ್ಟವರಿಗಿಂತ ಹೊಸದಾಗಿ ಕ್ಲಿನಿಕ್ ಹುಡುಕುವವರೇ ಜಾಸ್ತಿ ಓದುತ್ತಾರೆ.

ಒಂದು ವಾರದಲ್ಲಿ ಪೇಷಂಟ್‌ಗಳು ಸಾಲುಗಟ್ಟಿ ಬರುತ್ತಾರೆ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ಫಾಲೋವರ್ ಕೊಂಡುಕೊಡುವ ಕೆಲಸ ನನ್ನದಲ್ಲ, ಎಲ್ಲೋ ಕೂತ ಸುಳ್ಳು ಅಕೌಂಟ್‌ಗಳು ನಿಮ್ಮಲ್ಲಿಗೆ ಲಸಿಕೆ ಹಾಕಿಸಲು ಬರುವುದಿಲ್ಲವಲ್ಲ. ವಾರದ ಕೊನೆಗೆ ನಿಮಗೆ ಕಾಣುವುದು ಇಷ್ಟು: ಗೂಗಲ್‌ನಲ್ಲಿ ಸರಿಯಾದ ಸಮಯ, ಉತ್ತರ ಸಿಕ್ಕ ಕಾಮೆಂಟ್‌ಗಳು, ಮೂರು ಪೋಸ್ಟ್. ಗೂಗಲ್ ಲಿಸ್ಟಿಂಗ್‌ನಿಂದ ಎಷ್ಟು ಜನ ಕರೆ ಬಟನ್ ಒತ್ತಿದರು, ಎಷ್ಟು ಜನ ದಾರಿ ಹುಡುಕಿದರು ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ, ಅದನ್ನು ಎಲ್ಲಿ ನೋಡುವುದು ಅಂತ ನಿಮ್ಮ ರಿಸೆಪ್ಶನ್‌ನವರಿಗೂ ತೋರಿಸಿಕೊಡುತ್ತೇನೆ.

ಇಷ್ಟವಾಗದಿದ್ದರೆ ಪೋಸ್ಟ್‌ಗಳು ನಿಮ್ಮವೇ, ಇಟ್ಟುಕೊಳ್ಳಿ. ಇಷ್ಟವಾದರೆ ಆಮೇಲೆ ತಿಂಗಳ ಲೆಕ್ಕ ಮಾತಾಡೋಣ, ಈಗಲೇ ಆ ಮಾತು ಬೇಡ. ಉಚಿತ ಯಾಕೆ ಅಂತ ಅನ್ನಿಸಬಹುದು. ಮಕ್ಕಳ ಕ್ಲಿನಿಕ್‌ಗೆ ನಾನು ಇನ್ನೂ ಕೆಲಸ ಮಾಡಿಲ್ಲ. ನನಗೂ ಒಂದು ವಾರ ಕಲಿಯುವುದಿದೆ, ಅದಕ್ಕೆ ನಿಮ್ಮಿಂದ ದುಡ್ಡು ತಗೊಳ್ಳುವುದು ಸರಿ ಅನ್ನಿಸಲಿಲ್ಲ.

ನಿಮ್ಮಿಂದ ಬೇಕಾದದ್ದು ಶುರುವಿಗೆ ಇಪ್ಪತ್ತು ನಿಮಿಷ, ಆಮೇಲೆ ಪೋಸ್ಟ್ ಓದಿ ನೋಡಲು ಸ್ವಲ್ಪ ಹೊತ್ತು. ಮಧ್ಯಾಹ್ನ ಪೇಷಂಟ್ ಕಡಿಮೆ ಇರುವ ಹೊತ್ತಿಗೆ ನಾನೇ ಬರುತ್ತೇನೆ. ಬರಬಹುದು ಅನ್ನಿಸಿದರೆ ಇದೇ ಮೇಲ್‌ಗೆ 'ಸರಿ' ಅಂತ ಒಂದು ಪದ ಬರೆದು, ದಿನ ಹೇಳಿ. ಉತ್ತರ ಬರದಿದ್ದರೆ ಮುಂದಿನ ವಾರ ಒಂದೇ ಒಂದು ಸಲ ನೆನಪಿಸುತ್ತೇನೆ, ಆಮೇಲೆ ತೊಂದರೆ ಕೊಡುವುದಿಲ್ಲ.

ಇದ್ಯಾವುದೂ ಬೇಡ ಅನ್ನಿಸಿದರೂ ಭಾನುವಾರದ ಸಮಯವೊಂದನ್ನು ತೆಗೆಸಿಬಿಡಿ ಮೇಡಂ. ಕ್ಲಿನಿಕ್‌ನ ಗೂಗಲ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಕ್ಲಿನಿಕ್ ಹೆಸರು ಹುಡುಕಿದರೆ ಎಡಿಟ್ ಮಾಡಲು ಅಲ್ಲೇ ಸಿಗುತ್ತದೆ, ಐದು ನಿಮಿಷದ ಕೆಲಸ.

ಇಂತಿ,
ಶ್ವೇತಾ