ದಿನಕ್ಕೆ 15 ನಿಮಿಷ ಮೌನ ಓದು: ಪ್ರಾಂಶುಪಾಲರಿಗೆ ಪತ್ರ

ಬಿಲ್ಲೇಕೆರೆ
ದಿನಾಂಕ: 16-06-2025

ಇಂದ:
ಸವಿತಾ ಎಸ್. ಕೆ.
ಸಹ ಶಿಕ್ಷಕಿ (ಕನ್ನಡ), ಪ್ರೌಢಶಾಲಾ ವಿಭಾಗ
ಕರ್ನಾಟಕ ಪಬ್ಲಿಕ್ ಶಾಲೆ, ಬಿಲ್ಲೇಕೆರೆ, ತಿಪಟೂರು ತಾಲ್ಲೂಕು

ಇವರಿಗೆ:
ಪ್ರಾಂಶುಪಾಲರು
ಕರ್ನಾಟಕ ಪಬ್ಲಿಕ್ ಶಾಲೆ, ಬಿಲ್ಲೇಕೆರೆ

ಮೂಲಕ: ಉಪ ಪ್ರಾಂಶುಪಾಲರು, ಪ್ರೌಢಶಾಲಾ ವಿಭಾಗ

ವಿಷಯ: ದಿನವೂ ಮೌನ ಓದಿನ ಅವಧಿ ಆರಂಭಿಸಲು ಅನುಮತಿ ಕೋರಿ.

ಮಾನ್ಯರೇ,

8 ಮತ್ತು 9ನೇ ತರಗತಿಗೆ ಸೋಮವಾರದಿಂದ ಶುಕ್ರವಾರದವರೆಗೆ ಬಿಸಿಯೂಟ ಮುಗಿದ ಕೂಡಲೇ 15 ನಿಮಿಷ ಮೌನ ಓದಿಗೆ ಬಿಟ್ಟುಕೊಡಬೇಕೆಂದು ಕೇಳುತ್ತಿದ್ದೇನೆ. ಮಧ್ಯಾಹ್ನದ ಮೂರು ಪೀರಿಯಡ್‌ಗಳನ್ನು 40ರಿಂದ 35 ನಿಮಿಷಕ್ಕೆ ಇಳಿಸಿದರೆ ಸಮಯ ಸಿಗುತ್ತದೆ. ಊಟ ಮುಗಿಸಿ, ತಟ್ಟೆ ತೊಳೆದು ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುವಷ್ಟರಲ್ಲಿ ಆ ಪೀರಿಯಡ್‌ನ ಐದು ನಿಮಿಷ ಹೇಗೂ ಹೋಗಿರುತ್ತದೆ.

ನಮ್ಮ ಮಕ್ಕಳು ಗಟ್ಟಿಯಾಗಿ ಓದುತ್ತಾರೆ, ಆದರೆ ಓದಿದ್ದು ಒಳಗೆ ಇಳಿಯುವುದಿಲ್ಲ. ಗಣಿತದ ಮೇಷ್ಟ್ರು ಹೇಳಿದ ಮಾತು ಕೇಳಿ. ಲೆಕ್ಕವನ್ನು ಅವರೇ ಓದಿ ಹೇಳಿದರೆ ಹುಡುಗರು ಥಟ್ಟನೆ ಮಾಡುತ್ತಾರೆ. ಅದೇ ಲೆಕ್ಕ ಪುಸ್ತಕದಲ್ಲಿದ್ದರೆ 'ಸಾರ್, ಕೂಡಬೇಕಾ, ಕಳೀಬೇಕಾ?' ಎನ್ನುತ್ತಾರೆ. ನನ್ನ ತರಗತಿಯಲ್ಲೂ ಇದೇ ಕಥೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಾನೆ. ಒತ್ತಕ್ಷರ ಬಂದಾಗ ಬೆರಳು ನಿಲ್ಲುತ್ತದೆ. ಸಾಲಿನ ಕೊನೆಗೆ ಬರುವಾಗ ಮೊದಲ ಪದ ಮರೆತಿರುತ್ತದೆ. ಅವನು ದಡ್ಡನಲ್ಲ. ಪಠ್ಯಪುಸ್ತಕ ಬಿಟ್ಟು ಬೇರೇನೂ ಅವನ ಕೈಗೆ ಬಂದಿಲ್ಲ, ಅಷ್ಟೇ.

ಈ ಅವಧಿಯಲ್ಲಿ ಮಗು ತನಗೆ ಬೇಕಾದ್ದನ್ನು ಓದಲಿ. ಕಥೆ, ಜೀವನ ಚರಿತ್ರೆ, ಪತ್ರಿಕೆಯ ಭಾನುವಾರದ ಪುರವಣಿ, ಏನಾದರೂ ಸರಿ. ಪಠ್ಯಪುಸ್ತಕ, ಗೈಡ್ ಬೇಡ. ನೋಟ್ಸ್ ಬರೆಸುವುದು, ಪ್ರಶ್ನೆ ಕೇಳುವುದು, 'ಈ ಕಥೆಯ ನೀತಿ ಏನು?' ಎನ್ನುವುದು ಯಾವುದೂ ಬೇಡ. ಪ್ರಶ್ನೆ ಶುರುವಾದ ದಿನವೇ ಅದು ಇನ್ನೊಂದು ಕನ್ನಡ ಪೀರಿಯಡ್ ಆಗಿಬಿಡುತ್ತದೆ. ತರಗತಿಯಲ್ಲಿರುವ ಶಿಕ್ಷಕರೂ ಕೂತು ಓದಬೇಕು. ಮೊಬೈಲ್ ಸ್ಟಾಫ್ ರೂಮಿನಲ್ಲೇ ಇರಲಿ. (ಇದು ನಮಗೇ ಜಾಸ್ತಿ ಕಷ್ಟವಾಗಬಹುದು.)

ಸುಮ್ನೆ ಪುಸ್ತಕ ಕೊಟ್ಟು ಕೂರಿಸಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಓದಿನ ಕಲಿಕೆಯ ಸಂಶೋಧನೆಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಸಮಿತಿ 2000ದಲ್ಲಿ, ಮೌನ ಓದು ಒಂದರಿಂದಲೇ ಓದುವ ಸರಾಗತೆ ಹೆಚ್ಚುತ್ತದೆ ಎನ್ನಲು ಪುರಾವೆ ಸಾಲದು ಎಂದಿತ್ತು. ಆದ್ದರಿಂದ ಓದಲು ತಡವರಿಸುವ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಜಗುಲಿಯಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. ಪ್ರಾಥಮಿಕ ವಿಭಾಗದಲ್ಲಿರುವ ಚಿತ್ರಪುಸ್ತಕಗಳನ್ನೂ ಎಲ್ಲರ ಬುಟ್ಟಿಯಲ್ಲೇ ಬೆರೆಸಿ ಇಡೋಣ. 'ಚಿಕ್ಕ ಮಕ್ಕಳ ಪುಸ್ತಕ' ಎಂದು ಬೇರೆ ಇಟ್ಟರೆ ಎಂಟನೇ ತರಗತಿಯವರು ಯಾರೂ ಮುಟ್ಟುವುದಿಲ್ಲ.

ಇನ್ನು ಪುಸ್ತಕದ ವಿಷಯ. ಇದರಲ್ಲಿ ನಿಮ್ಮ ಸಹಾಯ ಬೇಕೇ ಬೇಕು. ಸಮಗ್ರ ಶಿಕ್ಷಣದ ಗ್ರಂಥಾಲಯ ಅನುದಾನದಲ್ಲಿ ಬಂದ ಪುಸ್ತಕಗಳು ಬೀರುವಿನಲ್ಲಿವೆ, ಬೀಗ ಹಾಕಿದೆ. ಬೀಗ ಹಾಕಿದವರದು ತಪ್ಪಲ್ಲ. ಒಂದು ಪುಸ್ತಕ ಕಳೆದರೆ ಸ್ಟಾಕ್ ರಿಜಿಸ್ಟರ್‌ಗೆ ಯಾರು ಉತ್ತರ ಕೊಡುವುದು, ಅಲ್ವಾ? ಆದರೆ ಮಕ್ಕಳ ಕೈಗೆ ಹೋದ ಪುಸ್ತಕ ಹರಿಯುತ್ತದೆ, ಒಂದೆರಡು ಕಳೆಯುತ್ತವೆ. ಹಾಗೆ ಹೋದದ್ದನ್ನು ವರ್ಷಕ್ಕೊಮ್ಮೆ ಎಸ್‌ಡಿಎಂಸಿ ಸಭೆಯ ಮುಂದಿಟ್ಟು, ನಿಯಮದ ಪ್ರಕಾರ ರಿಜಿಸ್ಟರ್‌ನಿಂದ ತೆಗೆಯಲು ದಾರಿ ಮಾಡಿಕೊಡಿ. ಶಿಕ್ಷಕರ ಜೇಬಿನಿಂದ ವಸೂಲಿ ಇಲ್ಲ ಎಂಬ ಭರವಸೆ ನಿಮ್ಮಿಂದ ಬಂದರೆ ಬೀರು ತಾನಾಗಿಯೇ ತೆರೆಯುತ್ತದೆ. ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದ್ದೇ ಇದೆ. 'ಓದುವ ಬೆಳಕು' ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತದೆ. ನಿಮ್ಮದೊಂದು ಪತ್ರವಿದ್ದರೆ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿ ನೋಂದಾಯಿಸುತ್ತೇನೆ.

ಇದರಿಂದ ಏನು ಸಿಗಬಹುದು? ಒಂದು ತಿಂಗಳಲ್ಲಿ ಏನೂ ಕಾಣಿಸಲಿಕ್ಕಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮಕ್ಕಳು ತಡೆಯಿಲ್ಲದೆ ಓದಿಕೊಳ್ಳುತ್ತಾರೆ, ಹೊಸ ಪದಗಳು ಪರಿಚಯವಾಗುತ್ತವೆ, ಕಾಗುಣಿತದ ತಪ್ಪು ಕಡಿಮೆಯಾಗುತ್ತದೆ ಎಂಬ ನಂಬಿಕೆ ನನಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳು ಆ ಹೊತ್ತಿನಲ್ಲಿ ಪತ್ರಿಕೆಯನ್ನು ತಿರುಗಿಸಿ ನೋಡುತ್ತಾರೆಯೇ ಹೊರತು ಓದುವುದಿಲ್ಲ. ಮೊದಲು ಓದಿರದ ಗದ್ಯಭಾಗಕ್ಕೂ, ವಿಜ್ಞಾನ, ಸಮಾಜದ ಉದ್ದನೆಯ ಪ್ರಶ್ನೆಗಳಿಗೂ ಈ ಅಭ್ಯಾಸ ನೆರವಾಗುತ್ತದೆ. ಊಟದ ನಂತರದ ಗಲಾಟೆ ತಗ್ಗಿದರೆ ಅದು ಲಾಭವೇ.

ಇದನ್ನು ಅಳೆಯಲೂ ಬಹುದು. ಜುಲೈ ಮೊದಲ ವಾರ ಪ್ರತಿ ಮಗುವಿಗೂ ಒಂದು ಪುಟ ಕೊಟ್ಟು, ಓದಲು ಹಿಡಿದ ಸಮಯವನ್ನೂ ಓದಿದ್ದನ್ನು ತನ್ನ ಮಾತಿನಲ್ಲಿ ಎಷ್ಟು ಹೇಳಿತು ಎಂಬುದನ್ನೂ ಬರೆದಿಡುತ್ತೇನೆ. ಫೆಬ್ರವರಿಯಲ್ಲಿ ಅದೇ ಮಟ್ಟದ ಬೇರೆ ಪುಟ ಕೊಟ್ಟು ಹೋಲಿಸುತ್ತೇನೆ.

ಹತ್ತನೇ ತರಗತಿಗೂ ಇದು ಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಸಿಲೆಬಸ್ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುವುದರಲ್ಲೂ ಅರ್ಥವಿದೆ. ಅದನ್ನು ತಮ್ಮ ತೀರ್ಮಾನಕ್ಕೆ ಬಿಟ್ಟಿದ್ದೇನೆ. ಸದ್ಯಕ್ಕೆ ಜುಲೈ 1ರಿಂದ ದಸರಾ ರಜೆಯವರೆಗೆ ಪ್ರಯೋಗವಾಗಿ ನಡೆಸಲು ಒಪ್ಪಿಗೆ ಕೊಡಿ. ಈ ಶನಿವಾರದ ಸಿಬ್ಬಂದಿ ಸಭೆಯಲ್ಲಿ ಹತ್ತು ನಿಮಿಷ ಅವಕಾಶ ಕೊಟ್ಟರೆ ಬದಲಾದ ವೇಳಾಪಟ್ಟಿಯ ಕರಡನ್ನು ಎಲ್ಲರ ಮುಂದಿಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸವಿತಾ ಎಸ್. ಕೆ.