ಪ್ರೊಬೇಷನ್ ಅವಧಿ ವಿಸ್ತರಣೆ ಪತ್ರ: ಲೆಕ್ಕ ಸಹಾಯಕಿ ಹುದ್ದೆ

ಪೀಣ್ಯ, ಬೆಂಗಳೂರು
29 ಡಿಸೆಂಬರ್ 2025

ಶ್ರೀಮತಿ ಸವಿತಾ ಅವರಿಗೆ,
ಲೆಕ್ಕಪತ್ರ ವಿಭಾಗ

ಜುಲೈ 1ರಂದು ಆರಂಭವಾದ ನಿಮ್ಮ ಆರು ತಿಂಗಳ ಪ್ರೊಬೇಷನ್ ಇದೇ 31ಕ್ಕೆ ಮುಗಿಯುತ್ತದೆ. ಈಗಲೇ ಹುದ್ದೆ ಖಾಯಂ ಮಾಡಲು ಆಗುತ್ತಿಲ್ಲ. ನೇಮಕಾತಿ ಪತ್ರದ 4ನೇ ಷರತ್ತಿನಂತೆ ಅವಧಿಯನ್ನು 31 ಮಾರ್ಚ್ 2026ರವರೆಗೆ ವಿಸ್ತರಿಸಲಾಗಿದೆ.

ಮುಖ್ಯ ಕೊರತೆ ಖರೀದಿ ಬಿಲ್ಲುಗಳ ನಮೂದಿನಲ್ಲಿದೆ. ನವೆಂಬರ್‌ನ 212 ಬಿಲ್ಲುಗಳಲ್ಲಿ 17 ಜಿಎಸ್‌ಟಿಆರ್-2ಬಿ ಜೊತೆ ತಾಳೆಯಾಗಲಿಲ್ಲ. ನಾಲ್ಕನ್ನು ಸರಬರಾಜುದಾರರೇ ಅಪ್‌ಲೋಡ್ ಮಾಡಿರಲಿಲ್ಲ. ಅದು ನಿಮ್ಮ ತಪ್ಪಲ್ಲ. ಹನ್ನೊಂದರಲ್ಲಿ ಬಿಲ್ ನಂಬರ್ ಅಥವಾ ಜಿಎಸ್‌ಟಿ ನಂಬರ್ ತಪ್ಪಿದೆ: 0186 ಇರಬೇಕಾದಲ್ಲಿ 0168. ಇನ್ನೆರಡು ಬಿಲ್ಲು ಎರಡೆರಡು ಸಲ ನಮೂದಾಗಿ, ₹18,450 ಇನ್‌ಪುಟ್ ತೆರಿಗೆ ಹೆಚ್ಚಾಗಿ ಕಂಡಿತು. 3ಬಿ ಸಲ್ಲಿಸುವ ಮೊದಲೇ ಸಿಕ್ಕಿದ್ದರಿಂದ ಸರಿಪಡಿಸಿದೆವು.

ಎರಡನೆಯದು ಟಿಡಿಎಸ್. ಪ್ಲೇಟಿಂಗ್ ಗುತ್ತಿಗೆದಾರರ ಪ್ರತಿ ಬಿಲ್ಲೂ ₹30,000ಕ್ಕಿಂತ ಕಡಿಮೆ ಎಂದು ನೀವು ಕಡಿತ ಮಾಡಲಿಲ್ಲ. ಆದರೆ ಅಕ್ಟೋಬರ್‌ನಲ್ಲೇ ವರ್ಷದ ಒಟ್ಟು ಮೊತ್ತ ₹1,00,000 ದಾಟಿತ್ತು. 194ಸಿ ಅಡಿ ಎರಡೂ ಮಿತಿಗಳನ್ನು ನೋಡಲೇಬೇಕು. ಕಡಿತ ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ ಬೀಳುತ್ತದೆ. ಶನಿವಾರದ ಬ್ಯಾಂಕ್ ತಾಳೆಯೂ ಅಕ್ಟೋಬರ್–ನವೆಂಬರ್‌ನ ಒಂಬತ್ತು ವಾರಗಳಲ್ಲಿ ಮೂರು ಸಲ ಮಾತ್ರ ಆಗಿದೆ.

ಸೆಪ್ಟೆಂಬರ್‌ನಲ್ಲಿ ಸ್ಟೋರ್ಸ್‌ನವರು ಬಿಲ್ಲುಗಳನ್ನು ತಿಂಗಳ ಕೊನೆಗೆ ಒಟ್ಟಿಗೆ ತಂದು ಸುರಿದರು. ಆ ವಿಳಂಬವನ್ನು ನಿಮ್ಮ ಲೆಕ್ಕಕ್ಕೆ ಹಿಡಿದಿಲ್ಲ. ವೋಚರ್ ಫೈಲಿಂಗ್, ಹಾಜರಿ, ಸರಬರಾಜುದಾರರ ಜೊತೆಗಿನ ಮಾತುಕತೆ ನಿಜಕ್ಕೂ ಚೆನ್ನಾಗಿವೆ. ನೀವು ಈ ಹುದ್ದೆಯಲ್ಲಿ ನೆಲೆ ನಿಲ್ಲಬೇಕೆಂಬುದೇ ನಮ್ಮ ಆಸೆ.

ಜನವರಿ 1ರಿಂದ ಸ್ಟೋರ್ಸ್‌ನವರು ಸರಕು ಬಂದ ಮರುದಿನ ಸಂಜೆ 5ರೊಳಗೆ ಬಿಲ್ ಕೊಡುತ್ತಾರೆ. ನಿಮ್ಮಲ್ಲಿರುವ ಚಿಲ್ಲರೆ ನಗದಿನ ಕೆಲಸವನ್ನು ಮಾರ್ಚ್ ಕೊನೆಯವರೆಗೆ ಫ್ರಂಟ್ ಆಫೀಸಿಗೆ ವಹಿಸಿದ್ದೇವೆ. ಹಿರಿಯ ಲೆಕ್ಕಾಧಿಕಾರಿ ಪ್ರತಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ 3ರಿಂದ 4ರವರೆಗೆ ನಿಮ್ಮ ಜೊತೆ ಕೂರುತ್ತಾರೆ. ಮೊದಲ ವಾರದಲ್ಲೇ ಗುತ್ತಿಗೆದಾರವಾರು ಟಿಡಿಎಸ್ ರಿಜಿಸ್ಟರ್ ತೆರೆಯಿಸುತ್ತಾರೆ. ಬಿಲ್ ನಂಬರ್ ಟೈಪ್ ಮಾಡಿದ ಮೇಲೆ ಕಾಗದ ನೋಡಿ ಒಮ್ಮೆ ಓದಿ, ಆಮೇಲೆ ಸೇವ್ ಮಾಡಿ. ಈ ಕೆಲವು ಸೆಕೆಂಡುಗಳಲ್ಲೇ ಹೆಚ್ಚಿನ ತಪ್ಪು ಸಿಕ್ಕಿಬೀಳುತ್ತದೆ.

ಜನವರಿಯಿಂದ ನಮೂದಿನ ತಪ್ಪಿಗೆ ತಾಳೆಯಾಗದ ಬಿಲ್ಲು ತಿಂಗಳಿಗೆ ಎರಡು ಮೀರಬಾರದು, ಬ್ಯಾಂಕ್ ತಾಳೆ ಒಂದು ಶನಿವಾರವೂ ತಪ್ಪಬಾರದು, ಟಿಡಿಎಸ್ ಕಡಿತ ಒಂದೂ ಬಿಟ್ಟುಹೋಗಬಾರದು. ಫೆಬ್ರವರಿ 10ರಂದು ನಡುವಿನ ಪರಿಶೀಲನೆ ಇರುತ್ತದೆ.

ಅಂತಿಮ ಪರಿಶೀಲನೆ 24 ಮಾರ್ಚ್ 2026, ಮಂಗಳವಾರ ಬೆಳಿಗ್ಗೆ 11ಕ್ಕೆ, ಲೆಕ್ಕಪತ್ರ ವ್ಯವಸ್ಥಾಪಕರ ಕೊಠಡಿಯಲ್ಲಿ. ಅಷ್ಟರಲ್ಲಿ ಫೆಬ್ರವರಿಯ 3ಬಿ ಕೂಡ ಸಲ್ಲಿಕೆಯಾಗಿರುತ್ತದೆ. ಈ ದಿನಾಂಕ ಬದಲಾಗದು. ಖಾಯಂ ಅಥವಾ ಸೇವೆ ಮುಕ್ತಾಯದ ತೀರ್ಮಾನವನ್ನು ಮಾರ್ಚ್ 27ರೊಳಗೆ ಬರಹದಲ್ಲಿ ಕೊಡುತ್ತೇವೆ. ಮತ್ತೊಮ್ಮೆ ವಿಸ್ತರಣೆ ಇಲ್ಲ. ಸಂಬಳ, ರಜೆ ಈಗಿನಂತೆಯೇ.

ಪತ್ರದ ಯಾವುದಾದರೂ ಅಂಕಿಅಂಶ ಸರಿಯಿಲ್ಲ ಎನಿಸಿದರೆ ಜನವರಿ 5ರೊಳಗೆ ಬರೆದು ತಿಳಿಸಿ, ದಾಖಲೆ ತೆಗೆದು ಒಟ್ಟಿಗೆ ನೋಡೋಣ. ಒಂದು ಪ್ರತಿಗೆ ಸಹಿ ಮಾಡಿ ಹಿಂದಿರುಗಿಸಿ. ಸಹಿಯ ಅರ್ಥ ಪತ್ರ ತಲುಪಿದೆ ಎಂದಷ್ಟೇ.

ಇಂತಿ,
ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ
ಪ್ರತಿ: ಲೆಕ್ಕಪತ್ರ ವ್ಯವಸ್ಥಾಪಕರಿಗೆ